ನಾಲ್ಕು ತಾಲ್ಲೂಕು, ಒಂದು ಮೇಲ್

ಕೆಲಸ ಬಿಡುವ ಕೊನೆಯ ವಾರದಲ್ಲಿ ನಾವೆಲ್ಲ ಒಂದು ಮೇಲ್ ಬರೀತೀವಿ. ಸಬ್ಜೆಕ್ಟ್ ಲೈನ್‌ನಲ್ಲಿ ‘ಹ್ಯಾಂಡೋವರ್’ ಅಂತ ಇರುತ್ತೆ, ಒಳಗೆ ಹತ್ತು ಬುಲೆಟ್ ಪಾಯಿಂಟ್, ಕೊನೆಗೆ ‘ಏನಾದ್ರೂ ಡೌಟ್ ಇದ್ರೆ ಫೋನ್ ಮಾಡಿ’. ಹೊಸಬರು ಅದನ್ನು ಒಮ್ಮೆ ಓದಿ, ಸ್ಟಾರ್ ಹಾಕಿ, ಮುಂದಿನ ಆರು ತಿಂಗಳು ನಮಗೆ ಫೋನ್ ಮಾಡ್ತಾನೇ ಇರ್ತಾರೆ. ಅಂದ್ರೆ ಆ ಮೇಲ್ ಕೆಲಸ ಮಾಡಲಿಲ್ಲ ಅಂತ ಅರ್ಥ.

ಈ ವಾರ ಅಂಥದೊಂದು ಮೇಲ್ ಹೇಗಿರಬೇಕು ಅಂತ ನೋಡೋಣ. ಉದಾಹರಣೆಗೆ ನಾನು ಬಿಟ್ಟು ಬಂದ ಕೆಲಸವನ್ನೇ ತಗೊಳ್ತೀನಿ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತರುವುದು. ಊರಿನವರ ಬಾಯಲ್ಲಿ ಇದು ಬರೀ ‘ಸೊಸೈಟಿ’. ಬೆಳೆಸಾಲ, ಗೊಬ್ಬರ, ಹಲವು ಕಡೆ ರೇಷನ್ ಅಂಗಡಿ, ಎಲ್ಲ ಅಲ್ಲೇ. ಇದಕ್ಕೆ ನಮ್ಮ ಕಡೆ ಹಳೆಯ ಬೇರುಗಳಿವೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಶುರುವಾದದ್ದು ಪಕ್ಕದ ಗದಗಿನ ಕಣಗಿನಹಾಳದಲ್ಲಿ. ನೂರು ವರ್ಷಕ್ಕೂ ಮೇಲ್ಪಟ್ಟು ರೋಜಕಿರ್ದಿ ಮತ್ತು ಲೆಡ್ಜರ್‌ಗಳಲ್ಲೇ ನಡೆದ ಈ ಲೆಕ್ಕವನ್ನು ಒಂದೇ ಸಾಫ್ಟ್‌ವೇರಿಗೆ ತರಲು ಕೇಂದ್ರ ಸರ್ಕಾರ 2022ರ ಜೂನ್ 29ರಂದು ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳು ಆಗಿನ ಗುರಿ. ಸಾಫ್ಟ್‌ವೇರ್ ಜವಾಬ್ದಾರಿ ನಬಾರ್ಡ್‌ನದು. ಸಂಘದ ಬಾಗಿಲಲ್ಲಿ ನಿಂತು ಡೇಟಾ ಹೊಂದಿಸುವುದು ಮಾತ್ರ ನಮ್ಮಂಥ ಸಪೋರ್ಟ್ ಎಂಜಿನಿಯರುಗಳ ಪಾಲಿಗೆ ಬರುತ್ತೆ.

ಕೆಲಸದ ಹಾದಿ ಸರಳ. ಒಂದು ದಿನವನ್ನು ಗಡುವು ಅಂತ ಇಟ್ಕೊಳ್ತೀವಿ, ಸಾಮಾನ್ಯವಾಗಿ ಮಾರ್ಚ್ 31. ಆ ದಿನದ ಟ್ರಯಲ್ ಬ್ಯಾಲೆನ್ಸ್ ತಗೊಳ್ತೀವಿ. ಪ್ರತಿ ಸದಸ್ಯನ ಷೇರು, ಠೇವಣಿ, ಸಾಲದ ಬಾಕಿಯನ್ನು ಎಕ್ಸೆಲ್ ಹಾಳೆಗೆ ಇಳಿಸ್ತೀವಿ. ಸದಸ್ಯರ ಬಾಕಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತ ಟ್ರಯಲ್ ಬ್ಯಾಲೆನ್ಸಿನ ಮೊತ್ತಕ್ಕೆ ಸರಿ ಹೊಂದಬೇಕು. ಹೊಂದಿದ ಮೇಲೆ ಲೆಕ್ಕ ಪರಿಶೋಧಕರ ಸಹಿ, ಆಮೇಲೆ ಅಪ್‌ಲೋಡ್. ಗಡುವಿನ ದಿನದಿಂದ ಇವತ್ತಿನವರೆಗಿನ ವ್ಯವಹಾರವನ್ನು ಒಂದೊಂದು ದಿನವಾಗಿ ತುಂಬಿದರೆ ಸಂಘ ಗೋ-ಲೈವ್.

ಇಂಥ ಕೆಲಸವನ್ನು ಮಧ್ಯದಲ್ಲಿ ಇನ್ನೊಬ್ಬರ ಕೈಗೆ ಕೊಡುವಾಗ ನಾಲ್ಕು ವಿಷಯ ಬರೀಬೇಕು: ನಡೆಯುತ್ತಿರೋದು, ಒಪ್ಪಿಗೆಗೆ ಕಾದಿರೋದು, ಯಾರನ್ನ ಕೇಳಬೇಕು, ಕಾಗದ ಎಲ್ಲಿದೆ.

ನಡೆಯುತ್ತಿರೋದು: ಪರ್ಸೆಂಟ್ ಬೇಡ, ಸ್ಥಿತಿ ಬರೀರಿ

ಹಿರೇಕೆರೂರು ತಾಲ್ಲೂಕಿನ ಒಂದು ಸಂಘವನ್ನು ತಗೊಳ್ಳಿ. ಹೆಸರು ಬೇಡ, ಅಂಕಿಗಳನ್ನೂ ಬದಲಿಸಿದ್ದೀನಿ, ಲೆಕ್ಕದ ರೀತಿ ಮಾತ್ರ ಹಾಗೇ ಇದೆ. ‘ಮೈಗ್ರೇಶನ್ 95% ಮುಗಿದಿದೆ’ ಅಂತ ಬರೆದರೆ ಅದು ಸುಳ್ಳಲ್ಲ. ಆದರೆ ಉಳಿದ 5ರಲ್ಲೇ ಇಡೀ ಕಥೆ ಇದೆ.

ಜನರಲ್ ಲೆಡ್ಜರ್ ಪ್ರಕಾರ ಮಾರ್ಚ್ 31ಕ್ಕೆ ಬೆಳೆಸಾಲದ ಬಾಕಿ ₹1,84,60,400. ಸದಸ್ಯರ ಸಾಲದ ಲೆಡ್ಜರ್‌ಗಳನ್ನೆಲ್ಲ ಕೂಡಿದರೆ ₹1,84,12,500. ವ್ಯತ್ಯಾಸ ₹47,900. ಇದು ಸರಿಯಾಗದೆ ಸಹಿ ಇಲ್ಲ, ಅಪ್‌ಲೋಡ್ ಇಲ್ಲ.

ಹುಡುಕಿದಾಗ ಎರಡು ಕಾರಣ ಸಿಕ್ಕವು. ಮೊದಲನೆಯದು ಸಸ್ಪೆನ್ಸ್ ಖಾತೆ. ಮಾರ್ಚ್ 31ರಂದು ಇಬ್ಬರು ರೈತರು ₹30,000 ಮತ್ತು ₹12,500 ಅನ್ನು ಬ್ಯಾಂಕಿನ ಮೂಲಕ ಸಂಘದ ಖಾತೆಗೆ ಹಾಕಿದ್ದರು. ಯಾರ ಹಣ ಅಂತ ಆ ದಿನ ಗೊತ್ತಾಗಲಿಲ್ಲ, ಹಾಗಾಗಿ ರೋಜಕಿರ್ದಿಯಲ್ಲಿ ಅದು ಸಸ್ಪೆನ್ಸ್‌ಗೆ ಹೋಯಿತು. ಏಪ್ರಿಲ್‌ನಲ್ಲಿ ಹೆಸರು ತಿಳಿದಾಗ ಕಾರ್ಯದರ್ಶಿ ಇಬ್ಬರ ಸಾಲದ ಲೆಡ್ಜರ್‌ನಲ್ಲೂ ಮಾರ್ಚ್ 31ರ ತಾರೀಖಿಗೇ ಜಮಾ ಬರೆದರು. ಜನರಲ್ ಲೆಡ್ಜರ್‌ನಲ್ಲಿ ಸಸ್ಪೆನ್ಸ್‌ನಿಂದ ಸಾಲದ ಖಾತೆಗೆ ವರ್ಗಾಯಿಸುವ ನಮೂದು ಮಾತ್ರ ಬಾಕಿ ಉಳಿಯಿತು. ಅಲ್ಲಿಗೆ ₹42,500.

ಉಳಿದದ್ದು ₹5,400. ಈ ಸಂಖ್ಯೆ 9ರಿಂದ ಭಾಗವಾಗುತ್ತೆ. ಲೆಕ್ಕ ಬರೆಯುವವರ ಹಳೆಯ ಉಪಾಯ ಇದು: ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತೆ. ಹಾಗಂತ ಹುಡುಕಿದಾಗ ಒಬ್ಬ ಸದಸ್ಯರ ₹17,100 ನಮ್ಮ ಹಾಳೆಯಲ್ಲಿ ₹11,700 ಆಗಿ ಟೈಪಾಗಿತ್ತು. ಎರಡೂ ಸರಿಪಡಿಸಿದರೆ ಎರಡು ಕಡೆಯೂ ₹1,84,17,900 ಬರುತ್ತೆ.

ಈಗ ಹೊಸಬರ ಜಾಗದಲ್ಲಿ ನಿಂತು ಯೋಚಿಸಿ. ಅವರಿಗೆ ಕಾಣೋದು ‘ವ್ಯತ್ಯಾಸ 47,900’ ಅಷ್ಟೇ. ಮೇಲಿನಿಂದ ಗೋ-ಲೈವ್ ಯಾವಾಗ ಅಂತ ದಿನಾ ಫೋನು. ಜನರಲ್ ಲೆಡ್ಜರ್ ಆಡಿಟ್ ಆಗಿದೆ, ಅಂದ್ರೆ ಅದೇ ಸರಿ, ಸದಸ್ಯರ ಹಾಳೆಯಲ್ಲೇ ತಪ್ಪಿರಬೇಕು ಅಂತ ಅನ್ನಿಸೋದು ಸಹಜ. ಹಾಗೆ ಅಂದುಕೊಂಡು ಮಾರ್ಚ್ 31ರ ಆ ಎರಡು ಜಮಾಗಳನ್ನು ತೆಗೆದುಬಿಟ್ಟರೆ ಲೆಕ್ಕ ಹೊಂದುತ್ತೆ, ಸಹಿಯೂ ಬೀಳುತ್ತೆ. ಆದರೆ ಸಾಲ ಕಟ್ಟಿದ ಇಬ್ಬರು ರೈತರು ಕಟ್ಟಿಲ್ಲದವರಾಗ್ತಾರೆ. ನಮ್ಮ ರಾಜ್ಯದಲ್ಲಿ ಬೆಳೆಸಾಲಕ್ಕೆ ಬಡ್ಡಿ ಇಲ್ಲದಿರೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ಮೀರಿದ್ದು ಅಂತ ಕಂಪ್ಯೂಟರ್ ಹೇಳಿದ ದಿನ ಅವರ ಬಡ್ಡಿ ರಿಯಾಯಿತಿ ಹೋಗುತ್ತೆ, ಮುಂದಿನ ಸಾಲವೂ ತಡೆಯುತ್ತೆ. ಅವರು ರಸೀದಿ ಹಿಡ್ಕೊಂಡು ಬರೋದು ಮುಂಗಾರು ಬಿತ್ತನೆ ಹೊತ್ತಿಗೆ.

ಹಾಗಾಗಿ ಮೇಲ್‌ನಲ್ಲಿ ಈ ಸಂಘದ ಬಗ್ಗೆ ನಾನು ಬರೆದದ್ದು ಹೀಗೆ:

“ವ್ಯತ್ಯಾಸ 47,900. ಕಾರಣ ಸಿಕ್ಕಿದೆ. 42,500 ಸಸ್ಪೆನ್ಸ್‌ನಲ್ಲಿದೆ, ಎರಡು ಬ್ಯಾಂಕ್ ಜಮಾ, ಬ್ಯಾಂಕ್ ಸ್ಟೇಟ್‌ಮೆಂಟ್ ಸ್ಕ್ಯಾನ್ ಇದೆ. 5,400 ಟೈಪಿಂಗ್ ತಪ್ಪು, ಸರಿಮಾಡಿದ್ದೀನಿ. ಈಗ ಬೇಕಾಗಿರೋದು ಒಂದೇ: ಆಡಳಿತ ಮಂಡಳಿಯ ಠರಾವಿನೊಂದಿಗೆ 42,500ರ ಹೊಂದಾಣಿಕೆ ನಮೂದು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸೋಕೆ ಕಾರ್ಯದರ್ಶಿ ಒಪ್ಪಿದ್ದಾರೆ. ಅಲ್ಲಿವರೆಗೆ ಸದಸ್ಯರ ಹಾಳೆಯನ್ನ ಮುಟ್ಟಬೇಡಿ. ಸದಸ್ಯರ ಬಾಕಿ ಸರಿ ಇದೆ, ಜನರಲ್ ಲೆಡ್ಜರ್ ಬದಲಾಗಬೇಕು.”

ಪ್ರತಿ ಕೆಲಸಕ್ಕೂ ಇದೇ ನಾಲ್ಕು ಭಾಗ: ಈಗ ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ಮುಂದಿನ ಒಂದು ಹೆಜ್ಜೆ ಯಾವುದು, ಯಾವುದನ್ನು ಮಾಡಬಾರದು. ನಾಲ್ಕನೆಯದನ್ನು ಬರೆಯುವವರು ಕಮ್ಮಿ. ಕೆಲಸ ಬಿಡುವವರ ತಲೆಯಲ್ಲಿ ಮಾತ್ರ ಇರೋದು ಅದೇ.

ಒಪ್ಪಿಗೆಗೆ ಕಾದಿರೋದು: ಕಾಗದ ಯಾರ ಮೇಜಿನ ಮೇಲಿದೆ?

ಶಿಗ್ಗಾಂವಿ ತಾಲ್ಲೂಕಿನ ಒಂದು ಸಂಘದ ಮುಂದೆ ನಮ್ಮ ಟ್ರ್ಯಾಕರ್ ಹಾಳೆಯಲ್ಲಿ ‘ಆಡಿಟರ್ ಬಳಿ ಬಾಕಿ’ ಅಂತ ಇತ್ತು. ಹಾಗೇ ಮೇಲ್‌ಗೆ ಕಾಪಿ ಮಾಡಿದ್ದರೆ ಹೊಸಬರು ವಾರಕ್ಕೊಮ್ಮೆ ಆಡಿಟರಿಗೆ ಫೋನ್ ಮಾಡಿ ‘ಸರ್, ಸಹಿ ಆಯ್ತಾ?’ ಅಂತ ಕೇಳ್ತಿದ್ದರು. ಬರೆಯೋಕೆ ಮುಂಚೆ ನಾನೇ ಹೋಗಿ ವಿಚಾರಿಸಿದೆ. ಆಡಿಟರ್ ಫೈಲು ನೋಡಿ ಎಂದೋ ವಾಪಸ್ ಕೊಟ್ಟಿದ್ದರು. ಷೇರು ಪಟ್ಟಿಯ ಕೆಲವು ಪುಟಗಳಿಗೆ ಸಂಘದ ಸೀಲು, ಸಹಿ ಇರಲಿಲ್ಲ. ಫೈಲು ಕಾರ್ಯದರ್ಶಿಯವರ ಕಪಾಟಿನಲ್ಲೇ ಇತ್ತು. ಕೇಳಿದರೆ ಅವರು, “ಅದು ಆಡಿಟರ್ ಸಾಹೇಬ್ರ ಕಡೆ ಆಗಬೇಕ್ರಿ ಸರ್ರ, ನಮ್ದೇನೂ ಬಾಕಿ ಇಲ್ಲ” ಅಂದ್ರು. ಕಪಾಟು ತೆಗೆದ ಮೇಲೆ, “ಹೌದ್ ನೋಡ್ರಿ, ಇಲ್ಲೇ ಐತಿ” ಅಂತ ನಕ್ಕರು.

ಹೀಗಾಗಿ ‘ಬಾಕಿ’ ಅನ್ನೋ ಪದವನ್ನು ನಾನು ಮೇಲ್‌ನಲ್ಲಿ ಒಂಟಿಯಾಗಿ ಬಳಸಲಿಲ್ಲ. ಪ್ರತಿ ಒಪ್ಪಿಗೆಗೂ ಕಾಗದ ಈಗ ಭೌತಿಕವಾಗಿ ಎಲ್ಲಿದೆ, ಎಂದಿನಿಂದ ಅಲ್ಲಿದೆ, ಸಹಿ ಹಾಕುವವರು ಏನನ್ನು ನೋಡಲು ಕಾದಿದ್ದಾರೆ ಅಂತ ಬರೆದೆ. ನಾನೇ ಕಣ್ಣಾರೆ ನೋಡಿದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಅನ್ನೋದನ್ನೂ ಬೇರೆಬೇರೆ ಮಾಡಿದೆ. ‘ಕಾರ್ಯದರ್ಶಿ ಹೇಳಿದ ಪ್ರಕಾರ’ ಅನ್ನೋ ಮೂರು ಪದ ಸೇರಿಸಿದರೆ ಹೊಸಬರು ಒಮ್ಮೆ ಪರೀಕ್ಷೆ ಮಾಡ್ತಾರೆ.

ಇನ್ನೊಂದು ವಿಷಯ ತಡದ ಬೆಲೆ. ಗಡುವಿನ ದಿನ ಮಾರ್ಚ್ 31ಕ್ಕೇ ನಿಂತಿರುತ್ತೆ, ಸಂಘದ ವ್ಯವಹಾರ ನಿಲ್ಲಲ್ಲ. ದಿನಕ್ಕೆ 20 ವೋಚರ್ ಬರುವ ಸಂಘದಲ್ಲಿ ಸಹಿ 50 ಕೆಲಸದ ದಿನ ತಡವಾದರೆ, ಗೋ-ಲೈವ್‌ಗೆ ಮುಂಚೆ ತುಂಬಬೇಕಾದ ಹೆಚ್ಚುವರಿ ನಮೂದು 1,000. ಅದನ್ನು ತುಂಬೋದು ಹಗಲೆಲ್ಲ ಕೌಂಟರಿನಲ್ಲಿ ಕೂರುವ ಅದೇ ಗುಮಾಸ್ತ. ಹಾಗಾಗಿ ಒಪ್ಪಿಗೆಗಳ ಪಟ್ಟಿಯನ್ನು ತಾಲ್ಲೂಕಿನ ಪ್ರಕಾರ ಜೋಡಿಸದೆ, ಯಾವ ಸಂಘದಲ್ಲಿ ವೋಚರ್ ಹೆಚ್ಚು ಬೆಳೀತಿದೆ ಅನ್ನೋ ಪ್ರಕಾರ ಜೋಡಿಸಿದೆ. ಮೊದಲ ಸೋಮವಾರ ಎಲ್ಲಿಗೆ ಹೋಗಬೇಕು ಅಂತ ಆ ಪಟ್ಟಿಯೇ ಹೇಳುತ್ತೆ.

ಯಾರನ್ನ ಕೇಳಬೇಕು, ಯಾವಾಗ ಕೇಳಬೇಕು

ಫೋನ್ ನಂಬರ್ ಪಟ್ಟಿ ಎಲ್ಲರೂ ಕೊಡ್ತಾರೆ. ಸಂಘದ ಕಾರ್ಯದರ್ಶಿ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಕ್ಷೇತ್ರ ಸಿಬ್ಬಂದಿ, ತಾಲ್ಲೂಕಿನ ಸಹಕಾರ ಅಭಿವೃದ್ಧಿ ಅಧಿಕಾರಿ, ಆಡಿಟರ್, ಸಾಫ್ಟ್‌ವೇರ್ ಹೆಲ್ಪ್‌ಡೆಸ್ಕ್. ಆದರೆ ಯಾರು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲರು ಅಂತ ನಂಬರ್ ಹೇಳಲ್ಲ. ಬ್ಯಾಂಕಿನಿಂದ ಸಂಘ ಪಡೆದ ಸಾಲದ ಬಾಕಿ ಬ್ಯಾಂಕಿನ ಪುಸ್ತಕಕ್ಕೆ ಹೊಂದುತ್ತಿಲ್ಲವೇ? ಅದಕ್ಕೆ ಬ್ಯಾಂಕಿನವರು. ಸಂಘದಿಂದ ಸದಸ್ಯ ಪಡೆದ ಸಾಲದ ಪ್ರಶ್ನೆಯೇ? ಅದಕ್ಕೆ ಕಾರ್ಯದರ್ಶಿ ಮಾತ್ರ. ಆಡಳಿತ ಮಂಡಳಿ ಸಭೆಯೇ ಸೇರುತ್ತಿಲ್ಲವೇ? ಅದು ಅಭಿವೃದ್ಧಿ ಅಧಿಕಾರಿಯ ಗಮನಕ್ಕೆ. ಪರದೆ ಮೇಲೆ ಎರರ್ ಬಂದರೆ ಮಾತ್ರ ಹೆಲ್ಪ್‌ಡೆಸ್ಕ್. ಹೆಸರಿನ ಮುಂದೆ ಹುದ್ದೆ ಬರೆಯೋದಕ್ಕಿಂತ ಪ್ರಶ್ನೆಯ ಮುಂದೆ ಹೆಸರು ಬರೆದರೆ ಬೇಗ ಉಪಯೋಗಕ್ಕೆ ಬರುತ್ತೆ. ವರ್ಗಾವಣೆ ಆಗುವ ಹುದ್ದೆಗಳಲ್ಲಿ ವ್ಯಕ್ತಿಯ ಮೊಬೈಲ್ ಜೊತೆ ಕಚೇರಿ ನಂಬರನ್ನೂ ಕೊಡಿ.

ಸವಣೂರಿನ ಸಂಘವೊಂದರ ಮುಂದೆ ನಾನು ಬರೆದ ಟಿಪ್ಪಣಿ ಸಮಯದ ಬಗ್ಗೆ. ಅಲ್ಲಿನ ಕಾರ್ಯದರ್ಶಿ ರೇಷನ್ ಹಂಚುವ ದಿನಗಳಲ್ಲಿ ಲೆಕ್ಕದ ಮಾತಿಗೆ ಸಿಗಲ್ಲ, ಬೆಳಗ್ಗೆಯಿಂದ ಹೆಬ್ಬೆಟ್ಟಿನ ಮಷಿನ್ ಮುಂದೆ ಸಾಲು ಇರುತ್ತೆ. ಜೂನ್‌ನಲ್ಲಿ ಗೊಬ್ಬರದ ಲಾರಿ ಬಂದ ದಿನವೂ ಅಷ್ಟೇ. ಮಾರ್ಚ್ ತಿಂಗಳು ಪೂರ್ತಿ ಹಳೆ ಸಾಲ ಕಟ್ಟಿಸಿ ಹೊಸದು ಮಾಡುವ ಗದ್ದಲ. ಈ ದಿನಗಳಲ್ಲಿ ಫೋನ್ ಮಾಡಿದರೆ “ನಾಳೆ ಬರ್ರಿ” ಅಂತಾರೆ, ಆ ನಾಳೆಗೆ ತಾರೀಖು ಇರಲ್ಲ. ಮಧ್ಯಾಹ್ನ ಮೂರರ ಮೇಲೆ, ಕೌಂಟರ್ ಖಾಲಿಯಾದಾಗ ಹೋದರೆ ಒಂದು ತಾಸಿನಲ್ಲಿ ಎರಡು ವಾರದ ಕೆಲಸ ಮುಗಿಯುತ್ತೆ. ಸವಣೂರು, ಶಿಗ್ಗಾಂವಿ ಅಕ್ಕಪಕ್ಕ, ಒಂದೇ ದಿನ ಮುಗಿಸಬಹುದು. ಹಿರೇಕೆರೂರು ಜಿಲ್ಲೆಯ ಇನ್ನೊಂದು ತುದಿ, ಅದಕ್ಕೆ ಬೇರೆ ದಿನವೇ ಬೇಕು. ಇದನ್ನೂ ಬರೆದೆ. ಬೇರೆ ಊರಿನಿಂದ ಬರುವವರಿಗೆ ಮ್ಯಾಪ್ ದೂರ ತೋರಿಸುತ್ತೆ, ಪ್ರಯಾಣದ ದಿನ ಹಂಚಿಕೊಡಲ್ಲ.

ಕಾಗದ ಎಲ್ಲಿದೆ, ಬೀಗ ಯಾರ ಕೈಲಿದೆ

ಫೈಲುಗಳ ವಿಷಯದಲ್ಲಿ ಲಿಂಕ್ ಕೊಟ್ಟರೆ ಸಾಲದು. ಒಂದೇ ಹಾಳೆಯ ಐದು ಪ್ರತಿಗಳಲ್ಲಿ ಯಾವುದು ನಿಜ ಅಂತ ಹೆಸರೇ ಹೇಳಬೇಕು. ನಮ್ಮ ಫೋಲ್ಡರ್ ಹೀಗಿತ್ತು:

```
HKR_07/
  01_Source_Scans/
  02_Working/   HKR_07_Loans_v4.xlsx
  03_Signed/    HKR_07_TB_0331_signed.pdf
```

ಮೊದಲ ಫೋಲ್ಡರ್ ಪುಸ್ತಕದ ಸ್ಕ್ಯಾನ್, ಅದನ್ನು ಯಾರೂ ಬದಲಿಸಬಾರದು. ಎರಡನೆಯದು ಕೆಲಸದ ಹಾಳೆ, ಅಲ್ಲಿ ದೊಡ್ಡ ಸಂಖ್ಯೆಯದೇ ಈಗಿನದು. ಮೂರನೆಯದರಲ್ಲಿ ಸಹಿಯಾದದ್ದು ಮಾತ್ರ. ಅಪ್‌ಲೋಡ್ ಮಾಡುವ ಮುಂಚೆ ಎರಡನೆಯದರ ಮೊತ್ತ ಮೂರನೆಯದಕ್ಕೆ ಹೊಂದಬೇಕು. ಹಳೆಯ ಪ್ರತಿಗಳಲ್ಲಿ ಏನು ತಪ್ಪಿತ್ತು ಅಂತ ಒಂದೊಂದು ಸಾಲು ಬರೆದಿಟ್ಟರೆ ಯಾರೂ ಅವನ್ನು ಎತ್ತಿಕೊಳ್ಳಲ್ಲ.

ಇಲ್ಲಿ ಎರಡು ಗುಪ್ತ ಬೀಗಗಳಿವೆ. ಒಂದು ಮಾಲೀಕತ್ವ. ಡ್ರೈವ್ ಫೋಲ್ಡರ್ ನಿಮ್ಮ ಅಕೌಂಟಿನಲ್ಲಿ ಹುಟ್ಟಿದ್ದರೆ, ಬೇರೆಯವರಿಗೆ ಶೇರ್ ಮಾಡಿದ್ದರೂ ಅದು ನಿಮ್ಮದೇ. ಕಂಪನಿ ನಿಮ್ಮ ಅಕೌಂಟನ್ನು ಅಳಿಸಿದ ದಿನ ಅವರ ಕಡೆಯಿಂದಲೂ ಮಾಯವಾಗಬಹುದು. ಕೊನೆಯ ವಾರದಲ್ಲೇ ಮಾಲೀಕತ್ವ ವರ್ಗಾಯಿಸಿ, ಇಲ್ಲವೇ ತಂಡದ ಶೇರ್ಡ್ ಡ್ರೈವ್‌ಗೆ ಸಾಗಿಸಿ.

ಇನ್ನೊಂದು ಒಟಿಪಿ. ಹೆಲ್ಪ್‌ಡೆಸ್ಕ್ ಪೋರ್ಟಲ್ಲಿಗೆ ನೋಂದಾಯಿಸಿದ ಮೊಬೈಲ್ ನಂಬರ್ ನಿಮ್ಮದಾಗಿದ್ದರೆ, ಹೊಸಬರು ಲಾಗಿನ್ ಆದಾಗಲೆಲ್ಲ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿರುವ ನಿಮ್ಮ ಜೇಬು ನಡುಗುತ್ತೆ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಇದು ಸರಿಯಾಗಲ್ಲ, ನಂಬರ್ ಬದಲಿಸಲು ಅರ್ಜಿ ಹಾಕಬೇಕು, ಅದಕ್ಕೂ ದಿನ ಹಿಡಿಯುತ್ತೆ.

ಮೇಲ್‌ನಲ್ಲಿ ಬರೆಯಬಾರದ್ದೂ ಇದೆ. ಪಾಸ್‌ವರ್ಡ್ ಬೇಡ. ಸದಸ್ಯರ ಆಧಾರ್, ಖಾತೆ ನಂಬರ್ ಇರುವ ಹಾಳೆಯನ್ನು ಅಟ್ಯಾಚ್ ಮಾಡೋದೂ ಬೇಡ. ಮೇಲ್ ಎಷ್ಟು ಜನರಿಗೆ ಫಾರ್ವರ್ಡ್ ಆಗುತ್ತೆ ಅಂತ ಹೇಳೋಕಾಗಲ್ಲ. ಹಾಳೆ ಎಲ್ಲಿದೆ, ತೆರೆಯುವ ಅನುಮತಿ ಯಾರು ಕೊಡ್ತಾರೆ ಅಂತ ಬರೆದರೆ ಸಾಕು. ಕಾರ್ಯದರ್ಶಿಯ ಲಾಗಿನ್ ಅಂತೂ ಅವರದೇ. ಅವರು ನಂಬಿಕೆಯಿಂದ ನಿಮಗೆ ಹೇಳಿದ್ದರೂ ಅದು ಹಸ್ತಾಂತರದ ವಸ್ತುವಲ್ಲ. ಆ ಲಾಗಿನ್‌ನಿಂದ ಆದ ಪ್ರತಿ ನಮೂದಿಗೂ ಉತ್ತರ ಕೊಡಬೇಕಾದವರು ಅವರು. ಹೊರಡೋ ಮುಂಚೆ ಅವರ ಕೈಯಿಂದಲೇ ಪಾಸ್‌ವರ್ಡ್ ಬದಲಿಸಿ ಬನ್ನಿ.

ಮೇಲ್ ಸಾಕಾಯ್ತಾ ಅಂತ ತಿಳಿಯೋದು ಹೇಗೆ?

ಕಳಿಸಿದ ದಿನವೇ ತಿಳೀಬಹುದು. ಹಾನಗಲ್ಲಿನ ಒಂದು ಸಂಘ ಆಗಲೇ ಗೋ-ಲೈವ್ ಆಗಿತ್ತು. ಅಲ್ಲಿ ಪ್ರತಿ ಸಂಜೆ ‘ಡೇ-ಎಂಡ್’ ಮುಗಿಸಬೇಕು, ಅಂದ್ರೆ ಆ ದಿನದ ಲೆಕ್ಕಕ್ಕೆ ಬೀಗ. ಅದು ಮುಗಿಯದಿದ್ದರೆ ಮರುದಿನದ ತಾರೀಖು ತೆರೆಯಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್ ಹೋಗಿ ಅರ್ಧಕ್ಕೆ ನಿಲ್ಲೋದು ಅಲ್ಲಿನ ಮಾಮೂಲಿ ತೊಂದರೆ. ನಾನು ಹೊಸಬರನ್ನು ಆ ಸಂಘಕ್ಕೆ ಕರೆದುಕೊಂಡು ಹೋಗಿ, ಮೇಲ್ ಒಂದನ್ನೇ ನೋಡಿಕೊಂಡು ಸಂಜೆಯ ಡೇ-ಎಂಡ್‌ಗೆ ಸಹಾಯ ಮಾಡೋಕೆ ಹೇಳಿದೆ. ನಾನು ಪಕ್ಕದ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ, ಫೋನು ಬ್ಯಾಗಿನಲ್ಲಿ.

ಎರಡು ಕಡೆ ಅವರು ನನ್ನ ಮುಖ ನೋಡಿದರು. ಒಂದು, ಕೈಯಲ್ಲಿರುವ ನಗದು ಪರದೆಯ ನಗದಿಗಿಂತ ಕಮ್ಮಿ ಬಂದಾಗ. ಬ್ಯಾಂಕಿಗೆ ಕಟ್ಟಿ ಬಂದ ಹಣದ ವೋಚರ್ ಹಾಕಿರಲಿಲ್ಲ. ಇನ್ನೊಂದು, ಒಂದು ವೋಚರ್ ಎರಡನೆಯವರ ಅನುಮೋದನೆಗೆ ಕಾದು ಕೂತಿದ್ದಾಗ. ನಾನು ಉತ್ತರ ಹೇಳಲಿಲ್ಲ. ಅವರೇ ಕಾರ್ಯದರ್ಶಿಯನ್ನು ಕೇಳಿ ಬಿಡಿಸಿಕೊಂಡರು. ಆಮೇಲೆ ಆ ಎರಡೂ ಸಾಲನ್ನು ಅವರ ಕೈಯಿಂದಲೇ ಮೇಲ್‌ಗೆ ಸೇರಿಸಿಸಿದೆ. ಅವರು ಎಲ್ಲಿ ತಡವರಿಸಿದರೋ ಅಲ್ಲೇ ಮೇಲ್‌ನಲ್ಲಿ ತೂತಿತ್ತು.

ಮೇಲ್‌ಗೆ ಅದರದೇ ಮಿತಿಯೂ ಇದೆ. ಬರೆದ ದಿನದ ಸ್ಥಿತಿ ಮಾತ್ರ ಅದರಲ್ಲಿರುತ್ತೆ, ಎರಡು ವಾರದಲ್ಲಿ ಅರ್ಧ ಸಾಲುಗಳು ಹಳತಾಗ್ತವೆ. ಅದಕ್ಕೇ ಮೇಲ್ಭಾಗದಲ್ಲಿ ‘ಇದು ಇಂಥ ದಿನ ಸಂಜೆಯ ಸ್ಥಿತಿ’ ಅಂತ ತಾರೀಖು ಹಾಕಿ, ದಿನಾ ಬದಲಾಗುವ ಅಂಕಿಗಳನ್ನು ಟ್ರ್ಯಾಕರ್ ಹಾಳೆಗೆ ಬಿಟ್ಟೆ. ಮೇಲ್‌ನಲ್ಲಿ ಉಳಿದದ್ದು ಕಾರಣಗಳು, ಮುಂದಿನ ಹೆಜ್ಜೆಗಳು, ಮುಟ್ಟಬಾರದ ಜಾಗಗಳು. ಸಿಸಿಯಲ್ಲಿ ನಮ್ಮ ಮ್ಯಾನೇಜರ್ ಇದ್ದರು, ಹೊಸಬರೂ ಬಿಟ್ಟು ಹೋದರೆ ಇನ್ನೊಬ್ಬರಿಗೆ ಸಿಗಲಿ ಅಂತ.

ನಿಮ್ಮ ಕೆಲಸ ಸೊಸೈಟಿಯದಲ್ಲದೇ ಇರಬಹುದು. ಆದರೂ ನೋಟಿಸ್ ಪಿರಿಯಡ್‌ನಲ್ಲಿದ್ದರೆ ಇವತ್ತೇ ನಿಮ್ಮ ಟ್ರ್ಯಾಕರ್ ತೆಗೆದು, ‘ಬಾಕಿ’ ಅಂತ ಇರುವ ಮೊದಲ ಸಾಲನ್ನು ನೋಡಿ. ಆ ಕಾಗದ ಈಗ ಯಾರ ಕಪಾಟಿನಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ಮೇಲ್ ಬರೆಯೋಕೆ ಕೂರುವ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ ಬನ್ನಿ.